ಅಣಕು ನ್ಯಾಯಾಲಯದ ಮೇಲ್ಮನವಿ ಸುತ್ತುಗಳಲ್ಲಿ ರಿಬಟಲ್ ಮತ್ತು ಸರ್‌ರಿಬಟಲ್

ಕಾನೂನು ವಿದ್ಯಾರ್ಥಿಗಳ ಅಣಕು ನ್ಯಾಯಾಲಯ ಸ್ಪರ್ಧೆಗಳಲ್ಲಿ ಎರಡೂ ಪಕ್ಷಗಳ ಮುಖ್ಯ ವಾದ ಮುಗಿದ ಮೇಲೆ ಮೇಲ್ಮನವಿದಾರರ ಪರ ವಕೀಲರು ಎದುರು ಪಕ್ಷದ ವಾದಕ್ಕೆ ಕೊಡುವ ಚುಟುಕು ಉತ್ತರವೇ ರಿಬಟಲ್. ಆ ಉತ್ತರಕ್ಕೆ ಎದುರುದಾರರ ಪರ ವಕೀಲರು ಕೊಡುವ ಕೊನೆಯ ಉತ್ತರ ಸರ್‌ರಿಬಟಲ್. ಇವೆರಡಕ್ಕೂ ಸಿಗುವುದು ಸಾಮಾನ್ಯವಾಗಿ ಎರಡರಿಂದ ಐದು ನಿಮಿಷ. ಇದು ತಪ್ಪುಗಳ ಪಟ್ಟಿ ಒಪ್ಪಿಸುವ ಅವಕಾಶ, ಎದುರಾಳಿ ಆಡಿದ ಪ್ರತಿ ಮಾತಿಗೂ ಏಟು ಕೊಡಬೇಕು ಎಂದು ಹೊಸಬರು ತಿಳಿಯುವುದು ಸಹಜ. ಈ ಲೇಖನದ ನಿಲುವು ಅದಕ್ಕೆ ವಿರುದ್ಧವಾದದ್ದು. ರಿಬಟಲ್ ಎಂದರೆ ಆಯ್ಕೆ. ಎದುರಾಳಿಯ ಯಾವ ಒಂದು ಮಾತು ನಿಂತರೆ ಮೇಲ್ಮನವಿ ಬೀಳುತ್ತದೋ ಆ ಒಂದು ಮಾತನ್ನು ಮಾತ್ರ ಎತ್ತಿಕೊಳ್ಳಬೇಕು. ಇದಕ್ಕೆ ಸಮಯದ ಅಭಾವ ಒಂದು ಕಾರಣ. ಅದಕ್ಕಿಂತ ಗಟ್ಟಿಯಾದ ಇನ್ನೊಂದು ಕಾರಣ ಸ್ಪರ್ಧೆಯ ನಿಯಮದಲ್ಲೇ ಇದೆ: ಸರ್‌ರಿಬಟಲ್‌ನ ವ್ಯಾಪ್ತಿಯನ್ನು ರಿಬಟಲ್ ನಿರ್ಧರಿಸುತ್ತದೆ. ಮೇಲ್ಮನವಿದಾರ ಎಷ್ಟು ವಿಷಯ ತೆರೆಯುತ್ತಾನೋ, ಕೊನೆಯ ಮಾತಿನ ಹಕ್ಕುಳ್ಳ ಎದುರುದಾರನಿಗೆ ಅಷ್ಟೇ ವಿಷಯಗಳ ಮೇಲೆ ಮಾತಾಡುವ ಅವಕಾಶ ಸಿಗುತ್ತದೆ.

ನಿಯಮಗಳ ಹಿನ್ನೆಲೆ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಭಾರತದ ನಿಜವಾದ ಮೇಲ್ಮನವಿ ನ್ಯಾಯಾಲಯಗಳಲ್ಲಿ ಸರ್‌ರಿಬಟಲ್ ಎಂಬ ಹಕ್ಕು ಇಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 41ನೇ ಆದೇಶದ 16ನೇ ನಿಯಮದಂತೆ ಮೊದಲು ಮೇಲ್ಮನವಿದಾರನನ್ನು ಕೇಳಬೇಕು. ಮನವಿಯನ್ನು ಅಲ್ಲಿಗೇ ವಜಾ ಮಾಡದಿದ್ದರೆ ಎದುರುದಾರನನ್ನು ಕೇಳಬೇಕು, ಆಗ ಮೇಲ್ಮನವಿದಾರನಿಗೆ ಉತ್ತರ ಹೇಳುವ ಹಕ್ಕು ಇರುತ್ತದೆ. ಕ್ರಮ ಅಲ್ಲಿಗೆ ಮುಗಿಯುತ್ತದೆ. ಕೆಳ ನ್ಯಾಯಾಲಯದ ತೀರ್ಪನ್ನು ತಪ್ಪೆಂದು ತೋರಿಸುವ ಭಾರ ಮೇಲ್ಮನವಿದಾರನ ಮೇಲಿರುವುದರಿಂದ ಕೊನೆಯ ಮಾತೂ ಅವನದೇ. ಅಣಕು ನ್ಯಾಯಾಲಯದ ಪರಿಸ್ಥಿತಿ ಬೇರೆ. ಅಲ್ಲಿ ಯಾವ ತಂಡ ಯಾವ ಪಕ್ಷ ವಹಿಸುತ್ತದೆ ಎಂಬುದು ಜೋಡಣೆಯಿಂದ ತೀರ್ಮಾನವಾಗುತ್ತದೆ, ಒಂದೇ ತಂಡ ಒಂದು ಸುತ್ತಿನಲ್ಲಿ ಮೇಲ್ಮನವಿದಾರನಾಗಿಯೂ ಇನ್ನೊಂದರಲ್ಲಿ ಎದುರುದಾರನಾಗಿಯೂ ನಿಲ್ಲುತ್ತದೆ. ಒಂದು ಪಕ್ಷಕ್ಕೆ ಮಾತ್ರ ಎರಡನೇ ಸಲ ಮಾತಾಡಲು ಬಿಟ್ಟರೆ ಸ್ಪರ್ಧೆಯ ಸಮತೋಲ ತಪ್ಪುತ್ತದೆ. ಆದ್ದರಿಂದಲೇ ಹಲವು ಸ್ಪರ್ಧೆಗಳು ಎದುರುದಾರನಿಗೂ ಒಂದು ಚಿಕ್ಕ ಸರದಿ ಇಟ್ಟಿವೆ. 1960ರಲ್ಲಿ ಆರಂಭವಾದ ಫಿಲಿಪ್ ಸಿ. ಜೆಸಪ್ ಅಂತರರಾಷ್ಟ್ರೀಯ ಕಾನೂನು ಸ್ಪರ್ಧೆ ಇದರ ಪ್ರಸಿದ್ಧ ಮಾದರಿ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ 1999 ಮತ್ತು 2013ರಲ್ಲಿ ಗೆದ್ದ ಸ್ಪರ್ಧೆ ಅದು. ಅದರ ಕಲ್ಪಿತ ಮೊಕದ್ದಮೆ ನಡೆಯುವುದು ಅಂತರರಾಷ್ಟ್ರೀಯ ನ್ಯಾಯಾಲಯದ ಮುಂದೆ, ಆದ್ದರಿಂದ ಅದು ಕಟ್ಟುನಿಟ್ಟಾಗಿ ಮೇಲ್ಮನವಿಯಲ್ಲ. ಆದರೂ ಪೀಠದ ಮುಂದೆ ಕಾನೂನಿನ ಪ್ರಶ್ನೆಗಳ ಮೇಲಷ್ಟೇ ವಾದ ನಡೆಯುವುದರಿಂದ ಅದರ ಕ್ರಮ ಮೇಲ್ಮನವಿ ಮೂಟ್‌ಗಳಿಗೂ ಹೊಂದುತ್ತದೆ. ಜೆಸಪ್‌ನಲ್ಲಿ ಒಂದು ತಂಡಕ್ಕೆ ಒಟ್ಟು 45 ನಿಮಿಷ. ಅದರಲ್ಲಿ ಹೆಚ್ಚೆಂದರೆ 10 ನಿಮಿಷ ರಿಬಟಲ್ ಅಥವಾ ಸರ್‌ರಿಬಟಲ್‌ಗೆ ಕಾದಿಡಬಹುದು. ರಿಬಟಲ್ ಎದುರುದಾರರ ವಾದಕ್ಕೆ ಉತ್ತರವಾಗಿರಬೇಕು, ಸರ್‌ರಿಬಟಲ್ ರಿಬಟಲ್‌ಗೆ ಮಾತ್ರ ಉತ್ತರವಾಗಿರಬೇಕು. ರಿಬಟಲ್ ಬಿಟ್ಟುಕೊಟ್ಟರೆ ಸರ್‌ರಿಬಟಲ್ ಇರುವುದೇ ಇಲ್ಲ. ನಮ್ಮ ಕಾಲೇಜುಗಳ ಮಟ್ಟದಲ್ಲಿ ಅವಧಿ ಇನ್ನೂ ಬಿಗಿ. ತಂಡಕ್ಕೆ 30 ನಿಮಿಷ, ಅದರಲ್ಲಿ ರಿಬಟಲ್‌ಗೆ ಎರಡೋ ಮೂರೋ ನಿಮಿಷ ಎಂಬುದು ಸಾಮಾನ್ಯ ಹಂಚಿಕೆ.

ಮೂರು ನಿಮಿಷ ಎಂದರೆ ಎಷ್ಟು ಎಂಬುದನ್ನು ಮೊದಲೇ ಲೆಕ್ಕ ಹಾಕಿಕೊಂಡವರು ಕಡಿಮೆ. ಪೀಠಕ್ಕೆ ವಂದಿಸಿ ವಿಷಯಕ್ಕೆ ಬರಲು 10 ಸೆಕೆಂಡು ಬೇಕು. ನ್ಯಾಯಾಧೀಶರು ಒಂದೇ ಒಂದು ಪ್ರಶ್ನೆ ಕೇಳಿದರೂ ಪ್ರಶ್ನೆ, ಉತ್ತರ ಸೇರಿ 40 ಸೆಕೆಂಡು ಹೋಗುತ್ತದೆ. ಉಳಿದದ್ದು ಎರಡು ನಿಮಿಷ ಚಿಲ್ಲರೆ. ನಿಮಿಷಕ್ಕೆ 130 ಪದದಂತೆ ಇಂಗ್ಲಿಷಿನಲ್ಲಿ ಮಾತಾಡುವವರಿಗೆ ಇದರಲ್ಲಿ 280 ಪದಗಳಷ್ಟು ಜಾಗ ಸಿಗುತ್ತದೆ. ಒಂದು ಅಂಶವನ್ನು ಪೂರ್ತಿಯಾಗಿ ಹೇಳಬೇಕಾದರೆ ಎದುರಾಳಿ ಏನು ಹೇಳಿದರು, ಅದು ಏಕೆ ನಿಲ್ಲುವುದಿಲ್ಲ, ಅದಕ್ಕೆ ಕಡತದಲ್ಲೋ ತೀರ್ಪಿನಲ್ಲೋ ಆಧಾರ ಎಲ್ಲಿದೆ, ಅದರಿಂದ ಪ್ರಕರಣದ ಫಲ ಏನಾಗುತ್ತದೆ ಎಂಬ ನಾಲ್ಕು ಮಾತು ಬೇಕೇ ಬೇಕು. ಇವು ನಾಲ್ಕೂ ಸೇರಿದರೆ 100ರಿಂದ 130 ಪದ. ಅಂದರೆ ಎರಡು ಅಂಶಕ್ಕೆ ಜಾಗವಿದೆ, ಮೂರನೆಯದಕ್ಕೆ ಇಲ್ಲ. ಐದು ಅಂಶ ಹೇಳಲು ಹೊರಟವರು ಬಿಡುವುದು ಯಾವಾಗಲೂ ನಾಲ್ಕನೆಯ ಮಾತನ್ನು, ಅಂದರೆ ಫಲವನ್ನು. ನ್ಯಾಯಾಧೀಶರಿಗೆ ಬೇಕಾಗಿದ್ದುದು ಅದೊಂದೇ.

ಒಂದು ಕಲ್ಪಿತ ಪ್ರಕರಣವನ್ನು ಇಟ್ಟುಕೊಂಡು ನೋಡೋಣ. ಒಂದು ನಗರಾಭಿವೃದ್ಧಿ ಪ್ರಾಧಿಕಾರ ವಾಣಿಜ್ಯ ನಿವೇಶನವೊಂದನ್ನು ಹರಾಜು ಹಾಕಿತು. 8 ಕೋಟಿ ರೂಪಾಯಿ ಕೂಗಿದವನ ಬಿಡ್ ಅಂಗೀಕಾರವಾಗಿ, ಅಂಗೀಕಾರ ಪತ್ರವೂ ಅವನ ಕೈ ಸೇರಿತು. ಷರತ್ತಿನಂತೆ ಶೇ. 25, ಅಂದರೆ 2 ಕೋಟಿ, ಮುಂಗಡ ಠೇವಣಿ ಕಟ್ಟಿದ. ಉಳಿದ 6 ಕೋಟಿಯನ್ನು ಗಡುವಿನೊಳಗೆ ಕಟ್ಟಲಿಲ್ಲ. ಪ್ರಾಧಿಕಾರ ಠೇವಣಿಯನ್ನು ಮುಟ್ಟುಗೋಲು ಹಾಕಿಕೊಂಡು, ಎರಡು ವರ್ಷದ ನಂತರ ಅದೇ ನಿವೇಶನವನ್ನು 9 ಕೋಟಿಗೆ ಮಾರಿತು. ವಿಚಾರಣಾ ನ್ಯಾಯಾಲಯ ಠೇವಣಿ ವಾಪಸು ಕೊಡಿ ಎಂದಿತು, ಹೈಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು. ಬಿಡ್‌ದಾರ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಸಲ್ಲಿಸಿದ್ದಾನೆ. ಪ್ರಶ್ನೆ 1872ರ ಕರಾರು ಕಾಯ್ದೆಯ 74ನೇ ಕಲಮಿನದು: ಕರಾರಿನಲ್ಲೇ ಮೊತ್ತ ನಮೂದಾಗಿದ್ದರೆ, ನಷ್ಟವೇ ಆಗದಿದ್ದರೂ ಅದನ್ನು ಉಳಿಸಿಕೊಳ್ಳಬಹುದೇ? ಇದಕ್ಕೆ ಹತ್ತಿರದ ನಿಜ ಪ್ರಕರಣ 2015ರ ಕೈಲಾಶ್ ನಾಥ್ ಅಸೋಸಿಯೇಟ್ಸ್ ಮತ್ತು ದೆಹಲಿ ಅಭಿವೃದ್ಧಿ ಪ್ರಾಧಿಕಾರದ ನಡುವಿನದು. ಅಲ್ಲಿ 3.12 ಕೋಟಿಗೆ ಹರಾಜಾದ ನಿವೇಶನ ಮುಂದೆ 11.78 ಕೋಟಿಗೆ ಮಾರಾಟವಾಗಿತ್ತು, ಪ್ರಾಧಿಕಾರಕ್ಕೆ ನಷ್ಟವಾಗಿಲ್ಲವೆಂದು ಸುಪ್ರೀಂ ಕೋರ್ಟ್ ಠೇವಣಿ ವಾಪಸಿಗೆ ಆದೇಶಿಸಿತು.

ನಮ್ಮ ಕಲ್ಪಿತ ಸುತ್ತಿನಲ್ಲಿ ಎದುರುದಾರರ ವಕೀಲರು ನಾಲ್ಕು ವಾದ ಮುಂದಿಟ್ಟರು ಎಂದುಕೊಳ್ಳೋಣ. ಒಂದು, ಇದು ಮುಂಗಡ ಠೇವಣಿ. 1969ರ ಮೌಲಾ ಬಕ್ಸ್ ತೀರ್ಪಿನಂತೆ, ಮೊತ್ತ ನ್ಯಾಯವಾಗಿದ್ದರೆ ಇದು 74ನೇ ಕಲಮಿನ ಹೊರಗೆ. ಎರಡು, 2003ರ ಒಎನ್‌ಜಿಸಿ ಮತ್ತು ಸಾ ಪೈಪ್ಸ್ ಪ್ರಕರಣದಂತೆ ಪಕ್ಷಗಳು ಮೊದಲೇ ಅಂದಾಜು ಮಾಡಿಟ್ಟ ಮೊತ್ತಕ್ಕೆ ನಷ್ಟದ ಪುರಾವೆ ಬೇಕಿಲ್ಲ. ಮೂರು, ಠೇವಣಿ ವಾಪಸು ಕೊಟ್ಟರೆ ಸಾರ್ವಜನಿಕ ಹರಾಜಿನ ಶಿಸ್ತು ಹಾಳಾಗುತ್ತದೆ. ನಾಲ್ಕು, ತಾನೇ ತಪ್ಪಿ ನಡೆದವನು ಅದರ ಲಾಭ ಪಡೆಯಬಾರದು. ಎರಡನೇ ವಾದದ ನಡುವೆ ನ್ಯಾಯಾಧೀಶರೊಬ್ಬರು ತಡೆದು ಕೇಳಿದರು: “ಮರುಹರಾಜಿನಲ್ಲಿ ಬೆಲೆ ಕಡಿಮೆ ಬಂತೇ?” ವಕೀಲರು ಉತ್ತರಿಸಿದರು: “ಇಲ್ಲ ಸ್ವಾಮಿ, ಒಂದು ಕೋಟಿ ಹೆಚ್ಚೇ ಬಂದಿದೆ. ಆದರೆ ಎರಡು ವರ್ಷ ತಡವಾಗಿದೆ.” ರಿಬಟಲ್ ಹುಟ್ಟುವುದು ಈ ಕ್ಷಣದಲ್ಲಿ. ವಕೀಲರ ಮೇಜಿನಲ್ಲಿ ಕುಳಿತವರು ಎದುರಾಳಿಯ ಭಾಷಣಕ್ಕಿಂತ ಪೀಠದ ಪ್ರಶ್ನೆಗಳಿಗೆ ಹೆಚ್ಚು ಕಿವಿಗೊಡಬೇಕು. ಪೀಠ ತಡೆದು ಕೇಳಿದ ಜಾಗದಲ್ಲೇ ಅದರ ಸಂಶಯ ಇದೆ. ಎದುರಾಳಿಯ ಸೊಗಸಾದ ಮೂರನೇ ವಾದಕ್ಕೆ ಯಾರೂ ಪ್ರಶ್ನೆ ಕೇಳಲಿಲ್ಲ ಎಂದರೆ ತೀರ್ಮಾನ ಅದರ ಮೇಲೆ ನಿಂತಿಲ್ಲ ಎಂದು ಬಹುಮಟ್ಟಿಗೆ ಊಹಿಸಬಹುದು.

ಟಿಪ್ಪಣಿ ಮಾಡುವ ಕ್ರಮವೂ ಈ ಆಯ್ಕೆಗೆ ತಕ್ಕಂತೆ ಇರಬೇಕು. ಹಾಳೆಯನ್ನು ಉದ್ದಕ್ಕೆ ಮೂರು ಭಾಗ ಮಾಡಿ ಮೊದಲನೆಯದರಲ್ಲಿ ಎದುರಾಳಿ ಹೇಳಿದ್ದನ್ನು ಅವರದೇ ಪದಗಳಲ್ಲಿ, ಎರಡನೆಯದರಲ್ಲಿ ಪೀಠದ ಪ್ರಶ್ನೆಯನ್ನು, ಮೂರನೆಯದರಲ್ಲಿ ಕಡತದ ಕಂಡಿಕೆ ಸಂಖ್ಯೆಯನ್ನೋ ತೀರ್ಪಿನ ಹೆಸರನ್ನೋ ಬರೆದುಕೊಳ್ಳುವುದು ಅನುಕೂಲ. ಮೂರೂ ಭಾಗ ತುಂಬಿದ ಸಾಲು ರಿಬಟಲ್‌ಗೆ ಯೋಗ್ಯ. ಎರಡನೆಯ ಭಾಗ ಖಾಲಿ ಇದ್ದರೆ ಪೀಠಕ್ಕೆ ಅದರಲ್ಲಿ ಆಸಕ್ತಿಯಿಲ್ಲ. ಮೂರನೆಯದು ಖಾಲಿ ಇದ್ದರೆ ನಮ್ಮ ಬಳಿ ಉತ್ತರವಿಲ್ಲ, ಇರುವುದು ಅಸಮಾಧಾನ ಮಾತ್ರ. ವಾದ ನಡೆಯುವಾಗ ಮೇಜಿನಲ್ಲಿ ಪಿಸುಗುಟ್ಟುವಂತಿಲ್ಲ. ಚೀಟಿ ಬರೆದು ದಾಟಿಸಬೇಕು, ಆ ಚೀಟಿಯಲ್ಲಿ ಒಂದು ಸಾಲಿಗಿಂತ ಹೆಚ್ಚಿದ್ದರೆ ಓದಲು ಸಮಯ ಇರುವುದಿಲ್ಲ. ಎದುರು ಪಕ್ಷದ ಎರಡನೇ ವಕೀಲರು ಕೋರಿಕೆಗೆ ಬರುವಷ್ಟರಲ್ಲಿ ಆಯ್ಕೆ ಮುಗಿದಿರಬೇಕು. ಎದ್ದು ನಿಂತ ಮೇಲೆ ಆಯ್ದುಕೊಳ್ಳುವವರು ಮೊದಲ 20 ಸೆಕೆಂಡನ್ನು ಹಾಳೆ ತಿರುವುವುದರಲ್ಲಿ ಕಳೆಯುತ್ತಾರೆ.

ಈಗ ಇದೇ ಸುತ್ತಿನ ಒಂದು ಅಗಲ ರಿಬಟಲ್ ನೋಡೋಣ. ಮೇಲ್ಮನವಿದಾರರ ವಕೀಲರು ನಾಲ್ಕಕ್ಕೂ ಉತ್ತರ ಕೊಡಲು ಹೊರಡುತ್ತಾರೆ. ಮೌಲಾ ಬಕ್ಸ್ ಅನ್ವಯಿಸದು, ಸಾ ಪೈಪ್ಸ್ ಅನ್ವಯಿಸದು, ಹರಾಜಿನ ಶಿಸ್ತಿಗೆ ಬೇರೆ ದಾರಿಗಳಿವೆ, ಠೇವಣಿ ವಾಪಸು ಕೇಳುವುದು ತಪ್ಪಿನ ಲಾಭ ಪಡೆದಂತಲ್ಲ, ಇನ್ನು ತಡದ ಮಾತು: “6 ಕೋಟಿಗೆ ಶೇ. 8ರಂತೆ ಎರಡು ವರ್ಷದ ಬಡ್ಡಿ 96 ಲಕ್ಷ, ಪ್ರಾಧಿಕಾರಕ್ಕೆ ಹೆಚ್ಚಾಗಿ ಬಂದದ್ದು ಒಂದು ಕೋಟಿ, ಆದ್ದರಿಂದ ನಷ್ಟವಿಲ್ಲ.” ಲೆಕ್ಕ ಚುರುಕಾಗಿದೆ, ಕೇಳಲು ಚೆನ್ನಾಗಿಯೂ ಇದೆ. ಆದರೆ ಶೇ. 8 ಎಂಬ ದರ ಕಡತದಲ್ಲಿ ಎಲ್ಲೂ ಇಲ್ಲ. ಎದುರುದಾರರ ವಕೀಲರು ಎದ್ದು ನಿಂತು ಹೇಳುವುದಿಷ್ಟೇ: “ಶೇ. 12ರ ದರ ಹಿಡಿದರೆ ಬಡ್ಡಿ 1.44 ಕೋಟಿಯಾಗುತ್ತದೆ, ಲಾಭಕ್ಕಿಂತ 44 ಲಕ್ಷ ಹೆಚ್ಚು. ಅಂದರೆ ನಷ್ಟ ಆಗಿದೆಯೋ ಇಲ್ಲವೋ ಎಂಬುದು ಈಗ ಬರೀ ದರದ ಪ್ರಶ್ನೆ. ತಡದಿಂದ ಬಡ್ಡಿ ನಷ್ಟವಾಗುತ್ತದೆ ಎಂಬುದನ್ನು ಮೇಲ್ಮನವಿದಾರರೇ ಒಪ್ಪಿದ್ದಾರೆ.” ರಿಬಟಲ್‌ನಲ್ಲಿ ಬಂದ ಸಂಖ್ಯೆಗೇ ಉತ್ತರ ಕೊಟ್ಟಿರುವುದರಿಂದ ಇದು ಪೂರ್ತಿ ವ್ಯಾಪ್ತಿಯೊಳಗಿನ ಸರ್‌ರಿಬಟಲ್. ನಷ್ಟವೇ ಇಲ್ಲ ಎಂದು ನಿಂತಿದ್ದ ಪ್ರಕರಣ ಎರಡು ನಿಮಿಷದೊಳಗೆ ನಷ್ಟ ಎಷ್ಟು ಎಂಬ ಪ್ರಕರಣವಾಯಿತು, ಅದೂ ಮೇಲ್ಮನವಿದಾರರಿಗೆ ಮತ್ತೆ ಬಾಯಿ ತೆರೆಯುವ ಅವಕಾಶ ಇಲ್ಲದ ಹೊತ್ತಿನಲ್ಲಿ.

ಇದಕ್ಕೆ ಬದಲಾಗಿ ಒಂದು ಕಿರಿದಾದ ರಿಬಟಲ್ ಹೀಗಿರಬಹುದು: “ಮಾನ್ಯ ಪೀಠದ ಅನುಮತಿಯೊಂದಿಗೆ ಒಂದೇ ಅಂಶ. ಸಾ ಪೈಪ್ಸ್ ಪ್ರಕಾರ ನಷ್ಟದ ಪುರಾವೆ ಬೇಕಿಲ್ಲ ಎಂದು ನನ್ನ ಸನ್ಮಿತ್ರರು ವಾದಿಸಿದರು. ಪೀಠದ ಪ್ರಶ್ನೆಗೆ ಉತ್ತರಿಸುತ್ತಾ, ಮರುಹರಾಜಿನಲ್ಲಿ ಒಂದು ಕೋಟಿ ಹೆಚ್ಚು ಬಂದಿದೆ ಎಂದು ಒಪ್ಪಿದರು, ಎರಡು ವರ್ಷ ತಡವಾಯಿತು ಎಂದೂ ಸೇರಿಸಿದರು. 1963ರ ಫತೇಚಂದ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಹೇಳಿದ್ದು ಇಷ್ಟು: 74ನೇ ಕಲಂ ನಷ್ಟದ ಪುರಾವೆಯಿಂದ ವಿನಾಯಿತಿ ಕೊಡುತ್ತದೆ, ಆದರೆ ಕಾನೂನಿನ ದೃಷ್ಟಿಯಲ್ಲಿ ಹಾನಿಯೇ ಆಗದಿದ್ದಾಗ ಪರಿಹಾರ ಕೊಡಿಸುವುದಿಲ್ಲ. ಬೆಲೆಯಲ್ಲಿ ಹಾನಿಯಿಲ್ಲ ಎಂಬುದು ಒಪ್ಪಿತ. ತಡದಿಂದ ಹಾನಿಯಾಯಿತು ಎಂದು ಪ್ರಾಧಿಕಾರ ತನ್ನ ಲಿಖಿತ ಹೇಳಿಕೆಯಲ್ಲಿ ಎಲ್ಲಿಯೂ ಹೇಳಿಲ್ಲ, ಕಡತದ 14ನೇ ಕಂಡಿಕೆ ನೋಡಬಹುದು. ಈ ಅಂಶ ನಿಂತರೆ ಹೈಕೋರ್ಟಿನ ತೀರ್ಪು ನಿಲ್ಲುವುದಿಲ್ಲ. ಉಳಿದ ವಿಷಯಗಳಿಗೆ ನಮ್ಮ ಮುಖ್ಯ ವಾದವನ್ನೂ ಮೆಮೋರಿಯಲ್ ಅನ್ನೂ ಅವಲಂಬಿಸುತ್ತೇವೆ.” ಇಷ್ಟು ಹೇಳಲು ಒಂದೂವರೆ ನಿಮಿಷ ಸಾಕು. ಪ್ರಶ್ನೆ ಬಂದರೆ ಉತ್ತರಿಸಲು ಸಮಯ ಉಳಿದಿರುತ್ತದೆ.

ಇದರಲ್ಲಿ ಎರಡು ಸಂಗತಿ ಗಮನಿಸಬೇಕು. ಎದುರಾಳಿ ಹೇಳಿದ ತಡದ ಮಾತನ್ನು ವಕೀಲರು ಮುಚ್ಚಿಡಲಿಲ್ಲ. ಒಪ್ಪಿಗೆಯ ಅರ್ಧವನ್ನು ಮಾತ್ರ ಉಲ್ಲೇಖಿಸಿದ್ದರೆ ಸರ್‌ರಿಬಟಲ್‌ನ ಮೊದಲ ವಾಕ್ಯವೇ “ನಾನು ಹೇಳಿದ್ದು ಅಷ್ಟೇ ಅಲ್ಲ” ಎಂದಾಗುತ್ತಿತ್ತು, ಪೀಠದ ನಂಬಿಕೆ ಅಲ್ಲಿಗೆ ಎದುರುದಾರರ ಕಡೆ ವಾಲುತ್ತಿತ್ತು. ಒಪ್ಪಿಗೆ ರಿಬಟಲ್‌ನ ಅತ್ಯಂತ ಬೆಲೆಬಾಳುವ ಸರಕು, ಅದನ್ನು ಅದರ ಷರತ್ತಿನೊಂದಿಗೇ ಎತ್ತಬೇಕು. ಎರಡನೆಯದು ಆಧಾರದ ಆಯ್ಕೆ. ಸಂಗತಿಗಳ ದೃಷ್ಟಿಯಿಂದ ಕೈಲಾಶ್ ನಾಥ್ ಪ್ರಕರಣವೇ ಹೆಚ್ಚು ಹತ್ತಿರ. ಆದರೆ ಅದು ಇಬ್ಬರು ನ್ಯಾಯಮೂರ್ತಿಗಳ ಪೀಠದ್ದು, ಮೌಲಾ ಬಕ್ಸ್ ಮೂವರದು. ರಿಬಟಲ್ ಅನ್ನು ಕೈಲಾಶ್ ನಾಥ್ ಮೇಲೆ ಕಟ್ಟಿದರೆ “ದೊಡ್ಡ ಪೀಠದ ತೀರ್ಪು ಮೇಲುಗೈ” ಎಂಬ ಹತ್ತು ಸೆಕೆಂಡಿನ ಸರ್‌ರಿಬಟಲ್ ತಯಾರಾಗಿ ಕುಳಿತಿರುತ್ತದೆ. ಐವರ ಪೀಠದ ಫತೇಚಂದ್ ಮೇಲೆ ಕಟ್ಟಿದರೆ ಆ ಬಾಗಿಲು ಮುಚ್ಚುತ್ತದೆ. ಮುಖ್ಯ ವಾದದಲ್ಲಿ ಹತ್ತಿರದ ತೀರ್ಪು, ರಿಬಟಲ್‌ನಲ್ಲಿ ಅಲ್ಲಾಡಿಸಲಾಗದ ತೀರ್ಪು: ಉತ್ತರದ ನಂತರ ಇನ್ನೊಂದು ಉತ್ತರ ಇರುವ ಸ್ಪರ್ಧೆಯಲ್ಲಿ ಈ ವ್ಯತ್ಯಾಸಕ್ಕೆ ಬಹಳ ಬೆಲೆಯಿದೆ.

ಹಾಗೆಂದು ಕಿರಿದಾದ ರಿಬಟಲ್ ಎದುರುದಾರರ ಬಾಯಿ ಕಟ್ಟುತ್ತದೆ ಎಂದಲ್ಲ. ಒಳ್ಳೆಯ ವಕೀಲರಿಗೆ ಇಲ್ಲಿಯೂ ದಾರಿ ಇದೆ: “ಫತೇಚಂದ್ ಹೇಳುವುದು ಹಾನಿಯೇ ಇಲ್ಲದ ಸಂದರ್ಭದ ಬಗ್ಗೆ. 6 ಕೋಟಿ ಎರಡು ವರ್ಷ ತಡವಾಗಿ ಬಂತು ಎಂಬುದು ಕಡತದ ತಾರೀಖುಗಳಿಂದಲೇ ಕಾಣುತ್ತದೆ, ಅದು ಹಾನಿ. ಅದರ ಪ್ರಮಾಣವನ್ನು ಸಾಬೀತು ಮಾಡುವುದರಿಂದ ಇದೇ ಕಲಂ ನಮಗೆ ವಿನಾಯಿತಿ ಕೊಟ್ಟಿದೆ. ಒಂದು ವೇಳೆ ಪೂರ್ಣ ಮೊತ್ತ ಹೆಚ್ಚೆನಿಸಿದರೂ, ನ್ಯಾಯವಾದ ಪರಿಹಾರವನ್ನು ಆ ಮಿತಿಯೊಳಗೆ ನಿಗದಿ ಮಾಡಬಹುದೇ ಹೊರತು ಮನವಿಯನ್ನು ಪೂರ್ತಿ ಪುರಸ್ಕರಿಸುವ ಹಾಗಿಲ್ಲ.” ಮೂವತ್ತು ಸೆಕೆಂಡಿನ ಈ ಉತ್ತರ ಗಟ್ಟಿಯಾಗಿದೆ. ಆದರೆ ಇದು ನಡೆಯುತ್ತಿರುವುದು ಮೇಲ್ಮನವಿದಾರರು ಆರಿಸಿಕೊಂಡ ಜಾಗದಲ್ಲಿ. ಮೌಲಾ ಬಕ್ಸ್‌ನ ಮುಂಗಡ ಠೇವಣಿಯ ವಾದ ಎದುರುದಾರರ ಅತ್ಯಂತ ಬಲವಾದ ವಾದವಾಗಿತ್ತು. ರಿಬಟಲ್ ಅದನ್ನು ಮುಟ್ಟದ ಕಾರಣ ಸರ್‌ರಿಬಟಲ್ ಕೂಡ ಅದನ್ನು ಮತ್ತೆ ಬಲಪಡಿಸುವಂತಿಲ್ಲ. ಹೊಲದ ಬದು ಹಾಕುವ ಕೆಲಸ ರಿಬಟಲ್‌ನದು, ಬದುವಿನ ಒಳಗೆ ಉಳುವುದಷ್ಟೇ ಸರ್‌ರಿಬಟಲ್‌ಗೆ ಉಳಿದ ಕೆಲಸ.

ಸರ್‌ರಿಬಟಲ್‌ನ ನಿಜವಾದ ಕಷ್ಟ ತಯಾರಿಯ ಸಮಯ. ರಿಬಟಲ್ ಮಾಡುವವರಿಗೆ ಎದುರಾಳಿಯ ಇಡೀ ವಾದ ನಡೆಯುವ ಅವಧಿ ಸಿಗುತ್ತದೆ. ಸರ್‌ರಿಬಟಲ್ ಮಾಡುವವರಿಗೆ ಸಿಗುವುದು ರಿಬಟಲ್ ನಡೆಯುವ ಎರಡೇ ನಿಮಿಷ. ಆದ್ದರಿಂದ ಅದನ್ನು ಕೇಳಿ ಬರೆಯಲಾಗುವುದಿಲ್ಲ, ಊಹಿಸಿ ಬರೆದಿಟ್ಟುಕೊಳ್ಳಬೇಕು. ತಮ್ಮದೇ ಎರಡನೇ ವಕೀಲರು ಮಾತಾಡುತ್ತಿರುವಾಗ, ಮೊದಲ ವಕೀಲರು ಮೇಜಿನಲ್ಲಿ ಕೂತು “ನಾನು ಮೇಲ್ಮನವಿದಾರನಾಗಿದ್ದರೆ ಇದರಲ್ಲಿ ಯಾವ ಒಪ್ಪಿಗೆಯನ್ನು ಎತ್ತಿಕೊಳ್ಳುತ್ತಿದ್ದೆ?” ಎಂದು ಕೇಳಿಕೊಳ್ಳಬೇಕು. ಮೇಲಿನ ಉದಾಹರಣೆಯಲ್ಲಿ ಉತ್ತರ ಸುಲಭ: ಒಂದು ಕೋಟಿ ಹೆಚ್ಚು ಬಂದ ಮಾತು. ಆ ಊಹೆಗೆ ಉತ್ತರ ತಯಾರಿದ್ದರೆ ರಿಬಟಲ್ ಕೇಳುತ್ತಾ ಅದನ್ನು ತಿದ್ದಿಕೊಂಡರೆ ಸಾಕು. ಹೇಳುವ ಪ್ರತಿ ವಾಕ್ಯಕ್ಕೂ ರಿಬಟಲ್‌ನ ಯಾವ ವಾಕ್ಯ ಆಧಾರ ಎಂದು ತೋರಿಸಲು ಬರಬೇಕು, ಬಾರದಿದ್ದರೆ ಅದು ವ್ಯಾಪ್ತಿಯ ಹೊರಗೆ. ರಿಬಟಲ್ ತಾನೇ ಎಲ್ಲೆ ದಾಟಿ ಹೊಸ ವಾದ ತಂದಿದ್ದರೆ ಏನು ಮಾಡಬೇಕು ಎಂಬ ಪ್ರಶ್ನೆಗೆ ತರಬೇತುದಾರರಲ್ಲಿ ಭಿನ್ನಾಭಿಪ್ರಾಯವಿದೆ. ಬರೀ ಆಕ್ಷೇಪಣೆ ಎತ್ತಿ ಕುಳಿತರೆ ಪೀಠ ಆ ವಾದವನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಇರುತ್ತದೆ. ಆಕ್ಷೇಪಣೆ ಎತ್ತದೆ ಉತ್ತರಿಸಿದರೆ ಎಲ್ಲೆ ದಾಟಿದ್ದನ್ನು ಒಪ್ಪಿದಂತಾಗುತ್ತದೆ. “ಇದು ಮುಖ್ಯ ವಾದದಲ್ಲಿ ಇರಲಿಲ್ಲ, ಆದರೂ ಪೀಠಕ್ಕೆ ನೆರವಾಗಲಿ ಎಂದು ಒಂದು ವಾಕ್ಯದಲ್ಲಿ ಉತ್ತರಿಸುತ್ತೇನೆ” ಎಂದು ಎರಡನ್ನೂ ಹತ್ತು ಸೆಕೆಂಡಿನಲ್ಲಿ ಮುಗಿಸುವುದು ನನ್ನ ಅಭಿಪ್ರಾಯದಲ್ಲಿ ಸರಿಯಾದ ದಾರಿ.

ಈ ವಾದಕ್ಕೆ ಬರುವ ಮೊದಲ ಮತ್ತು ಗಂಭೀರ ಆಕ್ಷೇಪಣೆ ಮೌನದ್ದು. ಉತ್ತರಿಸದೆ ಬಿಟ್ಟ ವಾದವನ್ನು ಪೀಠ ಒಪ್ಪಿಗೆ ಎಂದು ತೆಗೆದುಕೊಳ್ಳುವುದಿಲ್ಲವೇ? ಮೌಲಾ ಬಕ್ಸ್ ಬಲವಾದ ವಾದ ಎಂದ ಮೇಲೆ ಅದನ್ನೇ ಮುಟ್ಟದೆ ಬಿಡುವುದು ಅಪಾಯವಲ್ಲವೇ? ಅಪಾಯ ಹೌದು, ಆದರೆ ಅದನ್ನು ಎದುರಿಸಬೇಕಾದ ಜಾಗ ರಿಬಟಲ್ ಅಲ್ಲ. ಎದುರಾಳಿಯ ಮೆಮೋರಿಯಲ್ ಸಾಮಾನ್ಯವಾಗಿ ಸುತ್ತಿಗೆ ಮೊದಲೇ ಕೈ ಸೇರಿರುತ್ತದೆ, ಸೇರದಿದ್ದರೂ ಬಲವಾದ ವಾದ ಯಾವುದೆಂದು ಪ್ರಕರಣ ಓದಿದವರಿಗೆ ಗೊತ್ತಿರುತ್ತದೆ. ಮುಂಗಡ ಠೇವಣಿ 74ನೇ ಕಲಮಿನೊಳಗೆ ಬರುತ್ತದೆ ಎಂಬುದನ್ನು ಮುಖ್ಯ ವಾದದಲ್ಲೇ, ಕೈಲಾಶ್ ನಾಥ್ ಹಿಡಿದು, ನಾಲ್ಕೈದು ನಿಮಿಷ ತೆಗೆದುಕೊಂಡು ಹೇಳಬೇಕಿತ್ತು. ಅಲ್ಲಿ ಹೇಳಿದ್ದರೆ ರಿಬಟಲ್‌ನ ಮೌನ ಒಪ್ಪಿಗೆಯಲ್ಲ, “ಮುಖ್ಯ ವಾದವನ್ನು ಅವಲಂಬಿಸುತ್ತೇವೆ” ಎಂಬ ಒಂದು ವಾಕ್ಯ ಅದಕ್ಕೆ ಸಾಕು. ಅಲ್ಲಿ ಹೇಳದಿದ್ದರೆ ರಿಬಟಲ್‌ನ 40 ಸೆಕೆಂಡು ಆ ಕೊರತೆಯನ್ನು ತುಂಬಲಾರದು. ಈ ನಿಯಮಕ್ಕೆ ಒಂದು ಅಪವಾದವಿದೆ. ಪೀಠವೇ ಆ ವಿಷಯದಲ್ಲಿ ಎದುರುದಾರರ ಕಡೆ ಒಲಿದಿರುವುದು ಪ್ರಶ್ನೆಗಳಿಂದ ಕಂಡರೆ, ಅದೇ ತೀರ್ಮಾನದ ಅಂಶವಾಗುತ್ತದೆ. ಆಗ ಆಯ್ಕೆ ಬದಲಾಗಬೇಕು, ಸುಲಭವಾದ ಗೆಲುವನ್ನು ಬಿಟ್ಟು ಕಷ್ಟದ ಜಾಗಕ್ಕೇ ಹೋಗಬೇಕು. ಸೋಲುವ ಭಯಕ್ಕೆ ಪೀಠದ ಸಂಶಯವನ್ನು ತಪ್ಪಿಸಿಕೊಂಡು ಹೋಗುವ ರಿಬಟಲ್‌ಗಿಂತ, ಅರ್ಧ ಮಾತ್ರ ಗೆಲ್ಲುವ ನೇರ ಉತ್ತರ ಮೇಲು.

ಎರಡನೇ ಆಕ್ಷೇಪಣೆ ಬರೆದಿಟ್ಟ ರಿಬಟಲ್ ಬಗ್ಗೆ. ಎಲ್ಲವನ್ನೂ ಮೊದಲೇ ಊಹಿಸಿ ತಯಾರಿಸಿದರೆ ಅದು ಉತ್ತರವಾಗುವುದು ಹೇಗೆ? ಇದರಲ್ಲಿ ಸತ್ಯವಿದೆ. ಮನೆಯಿಂದ ಬರೆದು ತಂದದ್ದನ್ನು ಒಪ್ಪಿಸುವವರನ್ನು ಪೀಠ ಕೂಡಲೇ ಗುರುತಿಸುತ್ತದೆ. ಎದುರಾಳಿ ಆ ದಿನ ಆಡದೇ ಇದ್ದ ವಾದಕ್ಕೆ ಅವರು ಉತ್ತರ ಕೊಡುತ್ತಿರುತ್ತಾರೆ. ಇದನ್ನು ಕಂಡುಹಿಡಿಯಲು ಒಂದು ಸರಳ ಪರೀಕ್ಷೆ ಇದೆ: ಎದುರಾಳಿ ಮಾತೇ ಆಡದಿದ್ದರೂ ಈ ವಾಕ್ಯಕ್ಕೆ ಅರ್ಥ ಇರುತ್ತಿತ್ತೇ? ಇರುತ್ತಿತ್ತು ಎಂದಾದರೆ ಅದು ರಿಬಟಲ್ ಅಲ್ಲ, ಮುಖ್ಯ ವಾದದ ಉಳಿಕೆ. ತಯಾರಿ ಇರಬೇಕಾದ್ದು ಆಧಾರಗಳಲ್ಲಿ. ಯಾವ ತೀರ್ಪಿನ ಪೀಠ ಎಷ್ಟು ದೊಡ್ಡದು, ಯಾವ ಸಂಗತಿ ಯಾವ ಕಂಡಿಕೆಯಲ್ಲಿದೆ, ಲಿಖಿತ ಹೇಳಿಕೆಯಲ್ಲಿ ಏನಿದೆ ಏನಿಲ್ಲ ಎಂಬುದು ನಾಲಿಗೆ ತುದಿಯಲ್ಲಿರಬೇಕು. ಮೊದಲ ಸಾಲು, ಅಂದರೆ ಎದುರಾಳಿ ಹೇಳಿದ್ದು ಏನು ಎಂಬುದು, ಆ ಸಭಾಂಗಣದಲ್ಲೇ ಹುಟ್ಟಬೇಕು.

ನಿಜವಾದ ನ್ಯಾಯಾಲಯದಲ್ಲಿ ಸರ್‌ರಿಬಟಲ್ ಇಲ್ಲವೆಂದ ಮೇಲೆ ಅದನ್ನು ಕಲಿಸುವುದೇಕೆ ಎಂಬುದು ಮೂರನೇ ಪ್ರಶ್ನೆ. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳಂತೆ ಅಣಕು ನ್ಯಾಯಾಲಯ ಪಠ್ಯದ ಭಾಗ, ಅದಕ್ಕೆ 30 ಅಂಕಗಳಿವೆ. ಹಾಗಿದ್ದ ಮೇಲೆ ಅಭ್ಯಾಸ ವೃತ್ತಿಗೆ ಹತ್ತಿರವಾಗಿರಬೇಕು ಎಂಬ ಒತ್ತಾಯ ನ್ಯಾಯವಾದದ್ದೇ. ಆದರೆ 41ನೇ ಆದೇಶದ ಪ್ರಕಾರ ಉತ್ತರ ಹೇಳುವ ಮೇಲ್ಮನವಿದಾರನ ವಕೀಲನಿಗೂ ಇದೇ ಶಿಸ್ತು ಬೇಕು. ಉತ್ತರದಲ್ಲಿ ಹೊಸ ವಿಷಯ ತೆಗೆದರೆ ಎದುರುದಾರರ ವಕೀಲರು ಎದ್ದು ಅದಕ್ಕೆ ಉತ್ತರಿಸಲು ಅವಕಾಶ ಕೇಳುತ್ತಾರೆ, ನ್ಯಾಯಾಲಯ ಸಾಮಾನ್ಯವಾಗಿ ಕೊಡುತ್ತದೆ. ಅಂದರೆ ಅಲ್ಲಿಯೂ ಎಲ್ಲೆ ದಾಟಿದವನು ಕೊನೆಯ ಮಾತಿನ ಹಕ್ಕನ್ನು ತಾನಾಗಿ ಎದುರಾಳಿಗೆ ಕೊಟ್ಟಂತಾಗುತ್ತದೆ. ಸ್ಪರ್ಧೆ ಇದನ್ನು ಮೊದಲೇ ನಿಯಮವಾಗಿ ಬರೆದಿಟ್ಟಿದೆ.

ಉಳಿದದ್ದು ರಿಬಟಲ್ ಬಿಟ್ಟುಕೊಡುವ ಪ್ರಶ್ನೆ. ಜೆಸಪ್ ಮಾದರಿಯ ನಿಯಮ ಇರುವಲ್ಲಿ ರಿಬಟಲ್ ಬಿಟ್ಟರೆ ಎದುರುದಾರರ ಕೊನೆಯ ಸರದಿಯೂ ಹೋಗುತ್ತದೆ. ಎದುರು ಪಕ್ಷದ ಎರಡನೇ ವಕೀಲರು ಪೀಠದ ಪ್ರಶ್ನೆಗಳಿಗೆ ತಡವರಿಸಿ, ಸಮಯ ಮುಗಿದು, ಕೋರಿಕೆಯನ್ನೂ ಪೂರ್ತಿ ಓದಲಾಗದೆ ಕುಳಿತಿದ್ದರೆ, ಪೀಠದ ಮನಸ್ಸಿನಲ್ಲಿ ಉಳಿದಿರುವುದು ಆ ತಡವರಿಕೆ. ಅವರಿಗೆ ಎರಡು ನಿಮಿಷ ಸುಧಾರಿಸಿಕೊಳ್ಳುವ ಅವಕಾಶವನ್ನು ನಾವಾಗಿ ಕೊಡುವುದು ಏಕೆ? ಆದರೂ ತಂಡಗಳು ರಿಬಟಲ್ ಬಿಡಲು ಹಿಂಜರಿಯುತ್ತವೆ, ಏಕೆಂದರೆ ಅಂಕ ಕೊಡುವವರು ಅದನ್ನು ತಯಾರಿಯಿಲ್ಲ ಎಂದು ಓದಬಹುದು. ಈ ಭಯ ಪೂರ್ತಿ ಆಧಾರವಿಲ್ಲದ್ದಲ್ಲ, ಮಾತಿನ ಕೌಶಲಕ್ಕೆ ಅಂಕ ಬೀಳುವ ಜಾಗದಲ್ಲಿ ಮಾತಾಡದೆ ಕೂರುವುದಕ್ಕೆ ಧೈರ್ಯ ಬೇಕು. ಮೂರು ಭಾಗದ ಹಾಳೆಯಲ್ಲಿ ಪೂರ್ತಿ ತುಂಬಿದ ಒಂದು ಸಾಲೂ ಇಲ್ಲದಿದ್ದರೆ, ಎದುರಾಳಿಯ ಕೊನೆಯ ಉತ್ತರ ದುರ್ಬಲವಾಗಿದ್ದರೆ, ಎದ್ದು ನಿಂತು “ಪೀಠಕ್ಕೆ ನಮ್ಮಿಂದ ಬೇರೆ ನೆರವು ಬೇಕಿಲ್ಲದಿದ್ದರೆ ಮೇಲ್ಮನವಿದಾರರು ರಿಬಟಲ್ ಬಿಟ್ಟುಕೊಡುತ್ತಾರೆ” ಎಂದು ಹೇಳುವುದು ಸರಿಯಾದ ನಡೆ. ಆಗ ಪೀಠದಿಂದ ಪ್ರಶ್ನೆ ಬಂದರೆ ಅದಕ್ಕೆ ಉತ್ತರಿಸಿ ಕೂರಬೇಕು, ಸಿಕ್ಕ ಅವಕಾಶವೆಂದು ಬಿಟ್ಟುಕೊಟ್ಟ ರಿಬಟಲ್ ಅನ್ನು ಮತ್ತೆ ಶುರು ಮಾಡಬಾರದು.